ಕಿಟಕಿ ಪಕ್ಕ ನಿಂತರೆ ಎಡಿಟಿಂಗ್ ಬೇಕಿಲ್ಲ

ಮದುವೆ ಜಾಲತಾಣಕ್ಕೆ ಫೋಟೊ ಬೇಕೆಂದರೆ ಹೆಚ್ಚಿನವರು ಮಾಡುವುದು ಎರಡೇ: ಫೋನಿನಲ್ಲಿರುವ ಸೆಲ್ಫಿ ಹುಡುಕುವುದು, ಇಲ್ಲವೇ ಸ್ಟುಡಿಯೋಗೆ ಹೋಗುವುದು. ಸೆಲ್ಫಿಯಲ್ಲಿ ಮೂಗು ದಪ್ಪಗಾಗಿರುತ್ತದೆ, ಸ್ಟುಡಿಯೋ ಫೋಟೊದಲ್ಲಿ ಮುಖ ಒಂದು ಬಣ್ಣ, ಕುತ್ತಿಗೆ ಇನ್ನೊಂದು ಬಣ್ಣ.

ಸೆಲ್ಫಿಯ ತಪ್ಪು ದೂರದ್ದು. ಕೈ ಚಾಚಿ ತೆಗೆಯುವಾಗ ಫೋನು ಎರಡಡಿ ಆಚೆಯೂ ಇರುವುದಿಲ್ಲ. ಅಷ್ಟು ಹತ್ತಿರದಿಂದ ನೋಡಿದಾಗ ಮುಂದಿರುವ ಮೂಗು ಉಬ್ಬುತ್ತದೆ, ಹಿಂದಿರುವ ಕಿವಿ ಕುಗ್ಗುತ್ತದೆ. ಅದನ್ನು ಮತ್ತೆ ಆ್ಯಪ್‌ನಲ್ಲಿ ತಿದ್ದಲು ಕೂತರೆ ಮುಖವೇ ಬೇರೆಯವರದ್ದಾಗುತ್ತದೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗಿಯೊಬ್ಬಳು ರಜೆಗೆ ಊರಿಗೆ ಬಂದಿದ್ದಾಳೆ ಎನ್ನೋಣ. ಬೆಳಿಗ್ಗೆ ಒಂಬತ್ತರ ಸುಮಾರಿಗೆ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ, ಖಾಲಿ ಗೋಡೆಯಿಂದ ಎರಡು ಹೆಜ್ಜೆ ಮುಂದೆ ಅವಳು ನಿಲ್ಲಲಿ. ಟ್ಯೂಬ್‌ಲೈಟ್ ಆರಿಸಬೇಕು, ಮೇಲಿನಿಂದ ಬೀಳುವ ಆ ಬೆಳಕೇ ಕಣ್ಣಿನ ಕೆಳಗೆ ಕಪ್ಪು ಮೂಡಿಸುವುದು. ತಮ್ಮ ಐದಾರು ಅಡಿ ದೂರ ನಿಂತು, ಹಿಂದಿನ ಕ್ಯಾಮೆರಾದಲ್ಲಿ 2x ಇಟ್ಟು, ಫೋನನ್ನು ಅವಳ ಕಣ್ಣಿನ ಮಟ್ಟಕ್ಕೆ ಹಿಡಿಯಲಿ. ಅದಕ್ಕೂ ಮೊದಲು ಬ್ಯೂಟಿ ಮೋಡ್ ಆಫ್ ಆಗಿದೆಯೇ ನೋಡಬೇಕು. ಎಷ್ಟೋ ಫೋನುಗಳಲ್ಲಿ ನಾವು ಕೇಳದೆಯೇ ಅದು ಆನ್ ಆಗಿರುತ್ತದೆ. ನಿಂತು ನಿಂತು ನಗು ಗಟ್ಟಿಯಾಗುತ್ತದೆ, ಆದ್ದರಿಂದ ತಮ್ಮ ಏನಾದರೂ ಮಾತಾಡಿಸುತ್ತಲೇ ಇಪ್ಪತ್ತು ಮೂವತ್ತು ಫೋಟೊ ತೆಗೆಯಲಿ. ದಿನವೂ ಕನ್ನಡಕ ಹಾಕುವವಳಾದರೆ ಫೋಟೊದಲ್ಲೂ ಇರಲಿ. ಗಾಜು ಹೊಳೆದರೆ ತಲೆ ತುಸು ಓರೆ ಮಾಡಿದರಾಯಿತು.

ಆರಿಸುವ ಕೆಲಸ ಮಾತ್ರ ಅವಳಿಗೆ ಬೇಡ. ನಮ್ಮ ಮುಖವನ್ನು ನಾವು ನೋಡಿರುವುದು ಕನ್ನಡಿಯಲ್ಲಿ, ಎಡಬಲ ಅದಲುಬದಲಾಗಿ. ಹಾಗಾಗಿ ಒಳ್ಳೆಯ ಫೋಟೊವೂ ನಮಗೆ ಸೊಟ್ಟಗೆ ಕಾಣುತ್ತದೆ. ದಿನಾ ಎದುರು ಕೂತು ಊಟ ಮಾಡುವ ರೂಮ್‌ಮೇಟ್ ಆರಿಸಿದ್ದು ಹೆಚ್ಚು ಸರಿಯಿರುತ್ತದೆ. ಮುಖದ್ದೊಂದು, ನಿಂತಿರುವ ಪೂರ್ಣ ಚಿತ್ರ ಒಂದು, ಸಾಮಾನ್ಯ ಉಡುಪಿನದ್ದೊಂದು, ಇಷ್ಟಿದ್ದರೆ ಸಾಕು. ಅಕ್ಕನ ಮದುವೆಯ ಗುಂಪಿನಿಂದ ಕತ್ತರಿಸಿದ, ಭುಜದ ಮೇಲೆ ಯಾರದೋ ಕೈ ಉಳಿದಿರುವ ಫೋಟೊ ಬೇಡವೇ ಬೇಡ.

ಅಂಚು ಕತ್ತರಿಸುವುದು, ಬೆಳಕು ಸ್ವಲ್ಪ ಏರಿಸುವುದು ತಪ್ಪಲ್ಲ. ಚರ್ಮದ ಬಣ್ಣ, ಕಲೆ, ಮೈಯ ಗಾತ್ರ ಮುಟ್ಟಬಾರದು. ಸೊಂಟ ಸಣ್ಣ ಮಾಡಿದ ಕಡೆ ಹಿಂದಿನ ಬಾಗಿಲ ಚೌಕಟ್ಟು ಬಾಗಿರುತ್ತದೆ, ನುಣುಪು ಮಾಡಿದ ಕೆನ್ನೆಯಲ್ಲಿ ಚರ್ಮದ ರಂಧ್ರವೇ ಇರುವುದಿಲ್ಲ. ಗಂಡಿನ ಕಡೆಯವರೂ ಇದನ್ನೆಲ್ಲ ಗುರುತಿಸಬಲ್ಲರು. ಸ್ಟುಡಿಯೋಗೇ ಹೋಗುವುದಾದರೆ, ‘ಬೆಳ್ಳಗೆ ಮಾಡಬೇಡಿ’ ಎಂದು ಮೊದಲೇ ಹೇಳಿ. ಫೋಟೊ ಬಂದ ಮೇಲೆ ಮುಖದ ಬಣ್ಣವನ್ನು ಅದೇ ಫೋಟೊದ ಕೈಯ ಬಣ್ಣಕ್ಕೆ ಹೋಲಿಸಿ ನೋಡಿ.

ಕೊನೆಗೆ ಕಳಿಸುವಾಗ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿಯಂತೆ ಕಳಿಸಿದರೆ ಅದು ಕುಗ್ಗುತ್ತದೆ. ದೊಡ್ಡಪ್ಪನಿಂದ ದಲ್ಲಾಳಿಗೆ, ದಲ್ಲಾಳಿಯಿಂದ ಇನ್ನೊಂದು ಮನೆಗೆ ಹೋಗುವುದೂ ಆ ಕುಗ್ಗಿದ ಫೋಟೊವೇ.