ಎಂಜಲು ಕೈ, ಕಾಗೆ, ಕೊಸರು

"ಅವನಾ? ಎಂಜ್ಲು ಕೈಲಿ ಕಾಗೆ ಓಡ್ಸೋನಲ್ಲ ಬುಡಪ್ಪ." ಮಾಗಡಿ, ಕನಕಪುರ ಕಡೆಯ ಹಳ್ಳಿಗಳಲ್ಲಿ ಒಬ್ಬನ ಬಗ್ಗೆ ಇಷ್ಟು ಹೇಳಿದರೆ ಅವನ ಬಳಿ ಸಾಲ ಕೇಳುವ ಆಸೆಯನ್ನು ಅಲ್ಲಿಗೇ ಬಿಡಬಹುದು. ಜಿಪುಣ ಎಂಬ ಮಾತೇ ಇದರಲ್ಲಿಲ್ಲ. ದುಡ್ಡಿನ ಸುದ್ದಿಯೂ ಇಲ್ಲ. ಇರುವುದು ಊಟ ಮುಗಿಸಿದ ಒಂದು ಕೈ, ಅಂಗಳಕ್ಕೆ ಬಂದ ಒಂದು ಕಾಗೆ.

ಆ ದೃಶ್ಯವನ್ನು ಬಿಡಿಸಿ ನೋಡಬೇಕು. ಉಂಡು ಎದ್ದವನು ಇನ್ನೂ ಕೈ ತೊಳೆದಿಲ್ಲ. ಬೆರಳ ಸಂದಿಯಲ್ಲಿ ನಾಲ್ಕು ಅಗುಳು ಅಂಟಿವೆ. ಕಾಗೆ ಹತ್ತಿರ ಬಂದಿದೆ. ಹುಶ್ ಎಂದು ಕೈ ಬೀಸಿದರೆ ಒಂದು ಅಗುಳು ಉದುರೀತು, ಅದನ್ನು ಕಾಗೆ ತಿಂದೀತು ಎಂಬ ಭಯಕ್ಕೆ ಅವನು ಕೈಯನ್ನೇ ಬೀಸುವುದಿಲ್ಲ. ಓಡಿಸಬೇಕೆಂದೇ ಇದ್ದರೂ ಓಡಿಸಲಾರ. ಕೊಡುವುದು ಹಾಗಿರಲಿ, ಅಕಸ್ಮಾತ್ತಾಗಿ ಬೀಳುವುದನ್ನೂ ತಡೆಯುವವನು ಅವನು.

ಇದು ಕನ್ನಡದ ಸ್ವತ್ತು ಮಾತ್ರವಲ್ಲ. ತಮಿಳಿನಲ್ಲಿ 'ಎಚ್ಚಿಲ್ ಕೈ', ತೆಲುಗಿನಲ್ಲಿ 'ಎಂಗಿಲಿ ಚೆಯ್ಯಿ'. ಕಾಗೆ ಎಲ್ಲ ಕಡೆಯೂ ಅದೇ. ಕೈಯಲ್ಲಿ ಕಲಸಿ ಉಣ್ಣುವ ದಕ್ಷಿಣದ ನಾಡುಗಳೆಲ್ಲ ಜಿಪುಣನನ್ನು ಒಂದೇ ರೀತಿ ಗುರುತಿಸಿವೆ. ಆದರೆ ರಾಮನಗರದ ಸುತ್ತಲಿನ ಮಳೆಯಾಶ್ರಿತ ಹೊಲಗಳ ಸೀಮೆಯಲ್ಲಿ ಈ ಮಾತಿಗೆ ಇನ್ನೊಂದು ಮೊನೆ ಇದೆ. ಇಲ್ಲಿ ದಿನದ ಊಟ ರಾಗಿ ಮುದ್ದೆ. ಚೆನ್ನಾಗಿ ತೊಳಸಿದ ಮುದ್ದೆ ಬೆರಳಿಗೆ ಅಂಟುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ ನುಂಗಿದರೆ ಕೈಯಲ್ಲಿ ಉದುರುವಂಥದ್ದು ಹೆಚ್ಚೇನೂ ಉಳಿಯದು. ಬೆರಳಿಗಂಟಿದ ಅಗುಳು ಎಂದರೆ ಅನ್ನ. ಹಿಂದಿನ ತಲೆಮಾರಿನ ಬಡ ಒಕ್ಕಲು ಮನೆಗಳಲ್ಲಿ ಅದು ಹಬ್ಬದ ಊಟ. ಹಬ್ಬದ ದಿನವೂ ಒಂದಗುಳು ಬಿಡದವನು ಎಂದಾಗ ಬೈಗುಳದ ತೂಕವೇ ಬೇರೆಯಾಗುತ್ತದೆ. ಕಾಗೆ ಕೂಡ ಸಾಮಾನ್ಯ ಹಕ್ಕಿಯಲ್ಲ. ಹಿರೀಕರಿಗೆ ಎಡೆ ಇಟ್ಟ ದಿನ ಮನೆಯವರು ಅದರ ದಾರಿ ಕಾಯುತ್ತಾರೆ, ಅದು ಮುಟ್ಟಿದರೆ ಹಿರೀಕರು ಉಂಡರೆಂದು ಸಮಾಧಾನ.

ಈ ಸೀಮೆಯ ಮಾತುಗಳನ್ನು ಹೀಗೆ ಒಂದೊಂದಾಗಿ ಹಿಡಿದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಜಿಪುಣತನವನ್ನು ಜನ ಕಾಸಿನಿಂದ ಅಳೆದದ್ದು ಕಡಿಮೆ, ಕಾಳಿನಿಂದ ಅಳೆದದ್ದೇ ಹೆಚ್ಚು.

ಅದಕ್ಕೆ ಕಾರಣ ಕಣದಲ್ಲೇ ಇತ್ತು. ಸುಗ್ಗಿಯಲ್ಲಿ ರಾಗಿ ಒಕ್ಕಿ, ತೂರಿ, ರಾಶಿ ಮಾಡಿದ ಮೇಲೆ ಅದು ಸೀದಾ ಮನೆಗೆ ಹೋಗುತ್ತಿರಲಿಲ್ಲ. ಕಮ್ಮಾರ, ಬಡಗಿ, ಅಗಸ, ಕ್ಷೌರಿಕ ಮುಂತಾದ ಆಯಗಾರರು ವರ್ಷವಿಡೀ ಮಾಡಿದ ಕೆಲಸಕ್ಕೆ ಅಲ್ಲೇ ಕಾಳು ಪಡೆಯುತ್ತಿದ್ದರು. ಬೇಡುವವರೂ ಬರುತ್ತಿದ್ದರು. ಎಲ್ಲರ ಕಣ್ಣೂ ಅಳೆಯುವವನ ಕೈ ಮೇಲೆ. ಸೇರಿನ ಬಾಯಿ ಮೀರಿ ಗೋಪುರ ಏಳುವಂತೆ ತುಂಬಿ ಸುರಿದರೆ ಒಂದು ಲೆಕ್ಕ, ಅಂಗೈಯಿಂದ ತಲೆ ಸವರಿ ಮಟ್ಟ ಮಾಡಿ ಸುರಿದರೆ ಇನ್ನೊಂದು ಲೆಕ್ಕ. ಎರಡೂ ಒಂದೇ ಸೇರು, ಯಾರೂ ಮೋಸ ಎನ್ನುವಂತಿಲ್ಲ. ಆದರೆ ಸವರಿದ ಕೈಯನ್ನು ಊರು ಮರೆಯುತ್ತಿರಲಿಲ್ಲ. 'ಕೈ ದೊಡ್ಡದು', 'ಕೈ ಬಿಗಿ', 'ಕೊಡುಗೈ' ಎಂಬ ಮಾತುಗಳನ್ನು ಈ ಅಳತೆಯ ಪಕ್ಕದಲ್ಲಿಟ್ಟು ಕೇಳಿದರೆ ಅವು ಬರೀ ಅಲಂಕಾರವೆನಿಸುವುದಿಲ್ಲ.

ಅದೇ ಅಳತೆ ಸಂತೆಗೆ ಬಂದಾಗ 'ಕೊಸರು' ಎನಿಸಿಕೊಂಡಿತು. ಕೊಂಡ ಸಾಮಾನಿನ ಮೇಲೆ ಮಾರುವವನು ಪುಕ್ಕಟೆಯಾಗಿ ಹಾಕುವ ಚೂರು ಹೆಚ್ಚಿನದು ಕೊಸರು: ಒಂದು ಹಿಡಿ ಅವರೆಕಾಯಿ, ಎರಡು ಎಸಳು ಕೊತ್ತಂಬರಿ. ಕೊಳ್ಳುವವರು ಅದನ್ನು ಹಕ್ಕಿನಿಂದಲೇ ಕೇಳುತ್ತಾರೆ. ಕೊಸರು ಹಾಕದವನ ತಕ್ಕಡಿ ಎಷ್ಟು ನಿಯತ್ತಿನದಾದರೂ ಅವನು ಜುಗ್ಗನೇ.

'ಜುಗ್ಗ' ಎಂಬುದು ಮುಖಕ್ಕೆ ಹೇಳುವ ಮಾತು. 'ಜಿಪುಣ' ಬರವಣಿಗೆಗೂ ಸಲ್ಲುತ್ತದೆ; ಅದಕ್ಕೆ ಸಂಸ್ಕೃತದ ಬಾಲ ಸೇರಿಸಿ 'ಜಿಪುಣಾಗ್ರೇಸರ' ಎಂದು ಮೆರವಣಿಗೆಯ ಮುಂದೆ ನಡೆಸುವುದೂ ಉಂಟು. ಇವೆರಡರಲ್ಲೂ ಚಿತ್ರ ಮಸುಕು. ಚಿತ್ರ ನಿಚ್ಚಳವಾಗಿರುವುದು 'ಜಿಗುಟ'ನಲ್ಲಿ. ಜಿಗುಟು ಎಂದರೆ ಹಲಸಿನ ಮೇಣದಂಥ ಅಂಟು. ಬಂದದ್ದು ಕೈಗೆ ಮೆತ್ತಿಕೊಂಡಿತು, ಕೊಡಬೇಕೆಂದು ಕೊಡವಿದರೂ ಬೀಳದು. ಅವನ ಮನಸ್ಸಿಗಿಂತ ಬೆರಳೇ ಬಿಡುತ್ತಿಲ್ಲವೇನೋ ಎನ್ನುವ ಹಾಗಿದೆ ಈ ಪದ. ಎಂಜಲು ಕೈಯ ಮಾತಿಗೆ ಇದು ತೀರ ಹತ್ತಿರದ ನೆಂಟ.

ಚನ್ನಪಟ್ಟಣ, ರಾಮನಗರದ ಪೇಟೆಗಳಲ್ಲಿ ಕನ್ನಡದ ಪಕ್ಕದಲ್ಲೇ ಉರ್ದು ಓಡಾಡುತ್ತದೆ. ರೇಷ್ಮೆ ಬಿಚ್ಚುವ ಮನೆ, ಗೊಂಬೆ ಕಡೆಯುವ ಮನೆ, ಗೂಡಿನ ಮಾರುಕಟ್ಟೆ, ಎಲ್ಲ ಕಡೆ ಎರಡು ಭಾಷೆಯವರು ಕೂಡಿ ದುಡಿದವರು. ಹಾಗಾಗಿ 'ಕಂಜೂಸ್' ಇಲ್ಲಿ ಹೊರಗಿನ ಪದವಾಗಿ ಕೇಳಿಸುವುದಿಲ್ಲ. ಕಣವನ್ನು, ಅಂದರೆ ಕಾಳನ್ನು, ಚೀಪುವವನು ಎಂಬ ಅರ್ಥದಿಂದ ಅದು ಹುಟ್ಟಿತೆಂಬ ಊಹೆ ನಿಘಂಟುಗಳಲ್ಲಿದೆ. ಅದರ ಅಣ್ಣ 'ಮಖ್ಖೀಚೂಸ್' ಬಗ್ಗೆ ಅನುಮಾನವೇ ಬೇಡ: ನೊಣ ಚೀಪುವವನು. ತುಪ್ಪದಲ್ಲಿ ನೊಣ ಬಿದ್ದರೆ ಉಳಿದವರು ಎತ್ತಿ ಎಸೆಯುತ್ತಾರೆ, ಇವನು ಅದರ ಮೈಗಂಟಿದ ತುಪ್ಪವನ್ನು ಚೀಪಿ ಎಸೆಯುತ್ತಾನೆ. ಉತ್ತರದಿಂದ ಬಂದ ಮಾತೂ ಕೊನೆಗೆ ಅಡುಗೆಮನೆಗೇ ಬಂದು ನಿಂತಿತು.

ಪುರಾಣ, ಹರಿಕಥೆಗಳ ದಾರಿಯಲ್ಲಿ ಬಂದ 'ಕೃಪಣ'ನ ಕಥೆ ಬೇರೆ. ಸಂಸ್ಕೃತದಲ್ಲಿ ಅವನು ಮೊದಲು ದೀನ, ಮರುಕಕ್ಕೆ ಪಾತ್ರನಾದವನು, ಜಿಪುಣನಾದದ್ದು ಆಮೇಲೆ. ಹಳ್ಳಿಯ ಪದಗಳು ಅವನನ್ನು ಕಂಡು ಸಿಟ್ಟಾದರೆ ಈ ಪದ ಅಯ್ಯೋ ಎನ್ನುತ್ತದೆ.

ಹರಿಕಥೆ ಎಂದಾಗ ಕನ್ನಡಿಗರಿಗೆ ನೆನಪಾಗುವ ಜಿಪುಣ ಒಬ್ಬನೇ, ನವಕೋಟಿ ನಾರಾಯಣ ಶ್ರೀನಿವಾಸ ನಾಯಕ. ಮಗನ ಉಪನಯನಕ್ಕೆ ನೆರವು ಬೇಡಿ ಬಂದ ಬಡ ಬ್ರಾಹ್ಮಣನನ್ನು ಅವನು ನಾಳೆ ಬಾ ನಾಳೆ ಬಾ ಎಂದು ತಿಂಗಳುಗಟ್ಟಲೆ ಅಲೆಸಿ, ಕೊನೆಗೆ ಸವಕಲು ನಾಣ್ಯಗಳನ್ನು ಸುರಿದು ಒಂದನ್ನು ಆರಿಸಿಕೋ ಎಂದನಂತೆ. ಬ್ರಾಹ್ಮಣ ಹಿತ್ತಿಲ ಬಾಗಿಲಿಗೆ ಹೋದ. ನಾಯಕನ ಹೆಂಡತಿ ಸರಸ್ವತಿ ತನ್ನ ಮೂಗುತಿ ಬಿಚ್ಚಿಕೊಟ್ಟಳು. ಅದು ಮಾರಾಟಕ್ಕೆ ಬಂದದ್ದು ನಾಯಕನ ಅಂಗಡಿಗೇ. ಗುರುತು ಹಿಡಿದ ಅವನು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಬಂದು ಮೂಗುತಿ ತೋರಿಸು ಎಂದ. ಹೆದರಿ ವಿಷ ಕುಡಿಯಹೊರಟ ಅವಳ ಬಟ್ಟಲಿಗೆ ಮೂಗುತಿ ಬಿತ್ತು, ಅಂಗಡಿಯ ಪೆಟ್ಟಿಗೆ ಬರಿದಾಗಿತ್ತು. ನಾಯಕ ಎಲ್ಲವನ್ನೂ ದಾನ ಮಾಡಿ ಪುರಂದರದಾಸನಾದ.

ಈ ಕಥೆಗೆ ಚನ್ನಪಟ್ಟಣದ ನಂಟೂ ಇದೆ. ಪಟ್ಟಣದ ಹತ್ತಿರದ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಾಲಯದಲ್ಲಿ ಅಂಬೆಗಾಲಿಡುವ ನವನೀತಕೃಷ್ಣನನ್ನು ಕಂಡೇ ದಾಸರು 'ಜಗದೋದ್ಧಾರನ' ಹಾಡಿದರೆಂಬುದು ಅಲ್ಲಿಯ ನಂಬಿಕೆ. ಕಥೆಯ ಮೊದಲರ್ಧದಲ್ಲಿ ನಾಣ್ಯ, ಚಿನ್ನ, ಬೀಗ. ದಾಸರಾದ ಮೇಲೆ ಅವರು ಬದುಕಿದ್ದು ಮನೆಮನೆಯ ಮುಂದೆ ಹಾಡಿ ಪಡೆದ ಅಕ್ಕಿಯಿಂದ. ಕೊಡದವನ ಕಥೆಯನ್ನೂ ಜನ ಹಿಡಿ ಕಾಳಿನ ಅಳತೆಗೇ ತಂದರು.

ಹಾಗೆಂದು ಉಳಿಸುವವರೆಲ್ಲ ಈ ಬೈಗುಳಕ್ಕೆ ಸಿಗುವುದಿಲ್ಲ. ಮಳೆ ಕೈಕೊಡುವ ಸೀಮೆಯಲ್ಲಿ ಹಗೇವಿನಲ್ಲಿ ರಾಗಿ ತುಂಬಿಟ್ಟು ವರ್ಷಗಟ್ಟಲೆ ಕಾಯುವುದು ಜಾಣತನವಾಗಿತ್ತು, ರಾಗಿ ಅಷ್ಟು ಬಾಳುವ ಕಾಳು. ಅಂಥವರಿಗೆ 'ಹಿಡಿತದ ಮನುಷ್ಯ' ಎಂಬ ಮೆಚ್ಚುಗೆಯ ಮಾತಿದೆ. ಹರಿದ ಪಂಚೆ ಉಟ್ಟರೂ, ಬೀಡಿಯನ್ನು ಅರ್ಧಕ್ಕೆ ಆರಿಸಿಟ್ಟರೂ ಅವರನ್ನು ಜುಗ್ಗ ಎನ್ನುವುದಿಲ್ಲ. ಮದುವೆ ಪಂಕ್ತಿಯಲ್ಲಿ ಎರಡನೇ ಸಲ ಬಡಿಸಲು ಹಿಂದೆಗೆದರೆ, ಬರದ ವರ್ಷ ಪಕ್ಕದ ಮನೆಯವರು ಮೊರ ಹಿಡಿದು ಬಂದಾಗ ಹಗೇವಿನ ಬಾಯಿ ತೆಗೆಯದಿದ್ದರೆ ಮಾತ್ರ ಆ ಮನೆಗೆ ಕಾಗೆಯ ಮಾತು ಅಂಟಿಕೊಳ್ಳುತ್ತದೆ. ಅಂಟಿಕೊಂಡರೆ ಮಗ, ಮೊಮ್ಮಗ ಎಷ್ಟೇ ಧಾರಾಳಿಗಳಾದರೂ ಹೆಣ್ಣು ಕೊಡುವವರು ಬಂದಾಗ ಊರವರು ಅದನ್ನು ಒಮ್ಮೆಯಾದರೂ ಎತ್ತದೆ ಬಿಡುವುದಿಲ್ಲ.