ಹನ್ನೆರಡು ಚಿಟ್ಟೆ, ಎರಡೇ ನಿಜವಾದ ಗುಣಾಕಾರ

ಒಂದು ಸದ್ದಿನಿಂದ ಸಮ ಅಂತರದಲ್ಲಿ ಎಂಟು ಅಳತೆ ತೆಗೆದಿದ್ದೇವೆ ಎನ್ನಿ. ಅದರಲ್ಲಿ ಯಾವ ಆವರ್ತನ ಎಷ್ಟಿದೆ ಎಂದು ಹೇಳುವುದು ಡಿಎಫ್‌ಟಿ ಸೂತ್ರ. ಅದನ್ನು ನೇರವಾಗಿ ಹಾಕಿದರೆ ಒಂದೊಂದು ಉತ್ತರಕ್ಕೂ 8 ಗುಣಾಕಾರ, 7 ಸಂಕಲನ. ಎಂಟು ಉತ್ತರಕ್ಕೆ ಒಟ್ಟು 64 ಮತ್ತು 56. ಎಲ್ಲವೂ ಸಂಕೀರ್ಣ ಸಂಖ್ಯೆಗಳ ಲೆಕ್ಕ. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಎಫ್‌ಎಫ್‌ಟಿ ವಿಧಾನ ಇದನ್ನು ಎಷ್ಟು ಇಳಿಸುತ್ತದೆ ಎಂದು ತಿಳಿಯಲು ಚಿತ್ರ ಬರೆದು ಎಣಿಸಿದರೆ ಸಾಕು.

ಅಳತೆಗಳನ್ನು ಸಮ ಸ್ಥಾನದವು, ಬೆಸ ಸ್ಥಾನದವು ಎಂದು ಒಡೆಯಿರಿ. ಆ ಭಾಗಗಳನ್ನೂ ಹಾಗೆಯೇ ಒಡೆದರೆ ಉಳಿಯುವ ಕ್ರಮ 0, 4, 2, 6, 1, 5, 3, 7. ಸ್ಥಾನಸಂಖ್ಯೆಯನ್ನು ದ್ವಿಮಾನದಲ್ಲಿ ಬರೆದು ಹಿಂದುಮುಂದು ಮಾಡಿದರೂ ಇದೇ ಸಿಗುತ್ತದೆ: 6 ಎಂದರೆ 110, ತಿರುಗಿಸಿದರೆ 011, ಅಂದರೆ 3. ಎಂಟು ಅಡ್ಡಗೆರೆ ಎಳೆದು, ಎಡತುದಿಯಲ್ಲಿ ಈ ಕ್ರಮದಲ್ಲೇ ಅಳತೆಗಳನ್ನು ಬರೆಯಿರಿ.

ಇನ್ನು ಚಿಟ್ಟೆ. ಎರಡು ಗೆರೆಗಳಲ್ಲಿ ಮೇಲಿನದು a, ಕೆಳಗಿನದು b. ಮೊದಲು b ಯನ್ನು W ಎಂಬ ತಿರುಗುಗುಣಕದಿಂದ ಗುಣಿಸಬೇಕು. ಆ ಗುಣಲಬ್ಧವನ್ನು a ಗೆ ಕೂಡಿಸಿ ಮೇಲೆ ಬರೆಯಿರಿ, a ಯಿಂದ ಕಳೆದು ಕೆಳಗೆ ಬರೆಯಿರಿ. ಒಂದೇ ಗುಣಾಕಾರ ಎರಡು ಉತ್ತರಗಳಿಗೆ ಒದಗಿತು. ಉಳಿತಾಯದ ಮೂಲವೆಲ್ಲ ಇಲ್ಲಿದೆ. ಮೊದಲ ಹಂತದಲ್ಲಿ ರೆಕ್ಕೆಗಳು ಪಕ್ಕದ ಗೆರೆಗಳನ್ನು ಜೋಡಿಸುತ್ತವೆ, ಎರಡನೆಯದರಲ್ಲಿ ಎರಡು ಗೆರೆ ದೂರದವನ್ನು, ಮೂರನೆಯದರಲ್ಲಿ ನಾಲ್ಕು ಗೆರೆ ದೂರದವನ್ನು.

ಹಂತಕ್ಕೆ ನಾಲ್ಕರಂತೆ ಮೂರು ಹಂತಕ್ಕೆ 12 ಚಿಟ್ಟೆ. ಆದ್ದರಿಂದ 12 ಗುಣಾಕಾರ, 24 ಸಂಕಲನ. ಪಠ್ಯಪುಸ್ತಕದ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ, ಚಿತ್ರ ಇನ್ನೂ ಹೇಳುತ್ತದೆ. ಮೊದಲ ಹಂತದ W ಎಲ್ಲವೂ 1. ಎರಡನೆಯದರಲ್ಲಿ 1 ಮತ್ತು −j ಮಾತ್ರ. −J ಯಿಂದ ಗುಣಿಸುವುದೆಂದರೆ ನೈಜ, ಕಾಲ್ಪನಿಕ ಭಾಗಗಳನ್ನು ಅದಲುಬದಲು ಮಾಡಿ ಒಂದರ ಚಿಹ್ನೆ ಬದಲಿಸುವುದಷ್ಟೇ. ಕೊನೆಯ ಹಂತದ 0.707(1−j) ಮತ್ತು −0.707(1+j) ಎರಡಕ್ಕೆ ಮಾತ್ರ ನಿಜವಾಗಿ ಗುಣಿಸಬೇಕು. ಅಂಶಗಳು N ಆದರೆ ಗುಣಾಕಾರ (N/2)log₂N, ಸಂಕಲನ ಅದರ ಎರಡರಷ್ಟು. 1024 ಅಂಶಗಳಿಗೆ ಹತ್ತು ಲಕ್ಷ ಮೀರುವ ಗುಣಾಕಾರ 5120ಕ್ಕೆ ಇಳಿಯುತ್ತದೆ. ಎಣಿಕೆ ಎರಡರ ಘಾತವೇ ಆಗಿರಬೇಕು ಎಂಬುದು ಈ ವಿಧಾನದ ಮಿತಿ.

1ರಿಂದ 8ರವರೆಗಿನ ಸಂಖ್ಯೆಗಳನ್ನೇ ಅಳತೆಗಳಾಗಿ ಹಾಕಿ ನೋಡಿ. ಎಡತುದಿಯಲ್ಲಿ 1, 5, 3, 7, 2, 6, 4, 8. ಮೊದಲ ಹಂತ ದಾಟಿದಾಗ 6, −4, 10, −4, 8, −4, 12, −4. ಎರಡನೆಯದು ಮುಗಿದಾಗ ಮೇಲಿನ ಅರ್ಧ 16, −4+4j, −4, −4−4j. ಕೆಳಗಿನ ಅರ್ಧದಲ್ಲಿ 16ರ ಬದಲು 20, ಉಳಿದವು ಅವೇ. ಕೊನೆಯ ಹಂತದಲ್ಲಿ X(0)=36, X(4)=−4. X(1)ಕ್ಕೆ −4+4j ಯನ್ನು 0.707(1−j) ಯಿಂದ ಗುಣಿಸಿದರೆ 5.657j; ಕೂಡಿಸಿದರೆ −4+9.657j, ಕಳೆದರೆ X(5) ಆದ −4−1.657j.

ಹೆಚ್ಚಾಗಿ ತಪ್ಪುವುದು ಎಡತುದಿಯ ಕ್ರಮ. X(0) ಎಲ್ಲ ಅಳತೆಗಳ ಮೊತ್ತ. ಕ್ರಮ ತಪ್ಪಿದರೂ 36 ಬರುತ್ತದೆ, ಆದ್ದರಿಂದ ಅದನ್ನು ನಂಬಿ ಕೂರಬಾರದು. X(4) ನೋಡಿ: 1−2+3−4+5−6+7−8 ಎಂದರೆ −4 ಬರಬೇಕು. 1ರಿಂದ 8ನ್ನು ಸಹಜ ಕ್ರಮದಲ್ಲೇ ತುಂಬಿದ್ದರೆ ಅಲ್ಲಿ −16 ಕಾಣಿಸುತ್ತದೆ.