ಬಗ್ ಬ್ಯಾಶ್: ಸಿಕ್ಕಿದ್ದನ್ನು ಬರೆಯುವುದು, ಬರೆದದ್ದನ್ನು ಜರಡಿ ಹಿಡಿಯುವುದು

ಬಸ್ ಟಿಕೆಟ್ ಕಾಯ್ದಿರಿಸುವ ಆ್ಯಪ್ ಒಂದರ ಕನ್ನಡ ಆವೃತ್ತಿ ಹೊರಬರಲು ಹತ್ತು ದಿನ ಉಳಿದಿತ್ತು. ಅದನ್ನು ಕಟ್ಟಿದವರು, ಪರೀಕ್ಷಿಸುವವರು, ವಿನ್ಯಾಸಕರು ಮತ್ತು ಗ್ರಾಹಕರ ಕರೆ ಎತ್ತುವವರು ಸೇರಿ ಹದಿನಾಲ್ಕು ಜನ ಒಂದು ಮಧ್ಯಾಹ್ನ ಒಂದೇ ಕೋಣೆಯಲ್ಲಿ ಕುಳಿತೆವು. ತೊಂಬತ್ತು ನಿಮಿಷ ಬೇರೆ ಕೆಲಸ ಇಲ್ಲ, ಆ್ಯಪನ್ನು ಬಳಸುವುದು, ಎಲ್ಲಿ ಎಡವುತ್ತದೆ ಎಂದು ನೋಡುವುದು, ಕಂಡದ್ದನ್ನು ಬರೆಯುವುದು. ಸಾಫ್ಟ್‌ವೇರ್ ತಂಡಗಳಲ್ಲಿ ಇದಕ್ಕೆ ಬಗ್ ಬ್ಯಾಶ್ ಎನ್ನುತ್ತಾರೆ. ಆ ಹೊತ್ತಿನಲ್ಲಿ ನಮ್ಮ ಪಟ್ಟಿಗೆ 63 ಸಾಲು ಸೇರಿದವು. ಅವುಗಳಲ್ಲಿ ಮೂರು ಸಾಲುಗಳ ಕಥೆಯನ್ನು ಹೇಳಿದರೆ ಈ ಕೆಲಸದ ಹೆಚ್ಚಿನ ಭಾಗ ಅರ್ಥವಾಗುತ್ತದೆ.

ಮೊದಲು ಸಿದ್ಧತೆ. ಎಲ್ಲರ ಫೋನಿನಲ್ಲೂ ಒಂದೇ ಬಿಲ್ಡ್ ಇರಬೇಕು. ಬೇಟೆ ಮುಗಿಯುವವರೆಗೆ ಯಾರೂ ಹೊಸ ಬಿಲ್ಡ್ ಹಾಕಬಾರದು, ಇಲ್ಲವಾದರೆ ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಯಾಕೆ ಕಾಣುತ್ತಿಲ್ಲ ಎಂದು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಪರೀಕ್ಷಾ ಖಾತೆಗಳು ಮತ್ತು ನಿಜವಾದ ಹಣ ಕಡಿತವಾಗದ ಪಾವತಿ ವ್ಯವಸ್ಥೆ ಹಿಂದಿನ ದಿನವೇ ತಯಾರಿರಬೇಕು. ಹಿಂದಿನ ದಿನ ಒಬ್ಬರು ಕುಳಿತು ಲಾಗಿನ್‌ನಿಂದ ಟಿಕೆಟ್‌ವರೆಗೆ ಒಂದು ಸುತ್ತು ಹೋಗಿಬರುವುದೂ ಅಷ್ಟೇ ಮುಖ್ಯ. ಮೊದಲ ಪರದೆಯಲ್ಲೇ ಆ್ಯಪ್ ಮುಗ್ಗರಿಸಿದರೆ ಹದಿನಾಲ್ಕು ಜನರೂ ಅದೊಂದನ್ನೇ ಹದಿನಾಲ್ಕು ಸಲ ಬರೆಯುತ್ತಾರೆ.

ಯಾರು ಏನು ನೋಡಬೇಕು ಎಂಬುದನ್ನು ಪರದೆಗಳ ಲೆಕ್ಕದಲ್ಲಿ ಹಂಚುವುದಕ್ಕಿಂತ ಪ್ರಯಾಣಿಕರ ಲೆಕ್ಕದಲ್ಲಿ ಹಂಚುವುದು ಒಳ್ಳೆಯದು. ಒಬ್ಬರು ಅಜ್ಜಿ ತಾತನಿಗೆ ಟಿಕೆಟ್ ಮಾಡುವ ಮೊಮ್ಮಗಳಾಗಲಿ, ಇನ್ನೊಬ್ಬರು ಹೊರಡಲು ಅರ್ಧ ಗಂಟೆ ಇರುವಾಗ ಟಿಕೆಟ್ ರದ್ದು ಮಾಡುವವರಾಗಲಿ. ಗ್ರಾಹಕರ ಕರೆ ಎತ್ತುವವರನ್ನು ಬಿಟ್ಟು ಬೇಟೆ ಮಾಡಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ್ಯಪ್ ಕಟ್ಟಿದವರು ಪರೀಕ್ಷೆಗೆ ಟೈಪ್ ಮಾಡುವ ಹೆಸರು ಹೆಚ್ಚಾಗಿ ‘ರವಿ’. ಆ ದಿನ ‘ಶ್ರೀನಿವಾಸಮೂರ್ತಿ’ ಎಂದು ಟೈಪ್ ಮಾಡಿದವರು ಕರೆ ಎತ್ತುವ ವಿಭಾಗದವರೇ.

ಬರೆಯುವ ಕೆಲಸ ಹಗುರವಾಗಿರಬೇಕು. ನಾವು ಹಂಚಿಕೊಂಡ ಹಾಳೆಯಲ್ಲಿ ನಾಲ್ಕೇ ಕಾಲಂ ಇದ್ದವು: ಯಾವ ಪರದೆ, ಏನು ಮಾಡಿದೆ, ಏನು ಕಂಡಿತು, ಯಾವ ಫೋನ್. ಜೊತೆಗೊಂದು ಸ್ಕ್ರೀನ್‌ಶಾಟ್. ಒಂದು ಸಾಲಿಗೆ ಎರಡು ನಿಮಿಷ ಮೀರಬಾರದು ಎಂದು ಹೇಳಿದ್ದೆವು. ದೋಷ ಎಷ್ಟು ಗಂಭೀರ, ಯಾರು ಸರಿಪಡಿಸಬೇಕು ಎಂಬ ಕಾಲಂಗಳನ್ನು ಬೇಕೆಂದೇ ಬಿಟ್ಟಿದ್ದೆವು, ಅವಿದ್ದರೆ ಜನ ಬೇಟೆ ಬಿಟ್ಟು ಯೋಚನೆಗೆ ಕೂರುತ್ತಾರೆ. ಆದರೆ ಒಂದು ವಿಷಯದಲ್ಲಿ ಮಾತ್ರ ಪಟ್ಟು ಬಿಡಲಿಲ್ಲ. ಟೈಪ್ ಮಾಡಿದ್ದನ್ನು ಅಕ್ಷರಶಃ ಹಾಗೇ ಕಾಪಿ ಮಾಡಿ ಹಾಕಬೇಕು. ‘ಹೆಸರು ಸರಿಯಾಗಿ ಬರುತ್ತಿಲ್ಲ’ ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ‘ಶ್ರೀನಿವಾಸಮೂರ್ತಿ ಎಂದು ಹಾಕಿದೆ, ಟಿಕೆಟ್‌ನಲ್ಲಿ ಶ್ರೀನಿವಾಸಮೂರ್� ಎಂದು ಬಂತು’ ಎಂಬ ಸಾಲಿನಲ್ಲಿ ಕಾರಣದ ಅರ್ಧ ಸುಳಿವು ಇದೆ.

ಬೇರೆಯವರು ಆಗಲೇ ಬರೆದಿದ್ದಾರೆಯೇ ಎಂದು ನೋಡಿ ಬರೆಯಬೇಕೆ? ಬೇಡ ಎಂದೇ ನಾನು ಹೇಳುತ್ತೇನೆ. ಹುಡುಕುವುದಕ್ಕೆ ಹೋಗುವ ಸಮಯ ಒಂದು ಕಾರಣ. ಇನ್ನೊಂದು ಕಾರಣ, ನಕಲು ವರದಿಯಲ್ಲಿ ಮೂಲ ವರದಿಯಲ್ಲಿ ಇಲ್ಲದ ಮಾಹಿತಿ ಇರುತ್ತದೆ. ಎಕ್ಲಿಪ್ಸ್ ಎಂಬ ಮುಕ್ತ ತಂತ್ರಾಂಶದ ದೋಷ ವರದಿಗಳನ್ನು ಪರಿಶೀಲಿಸಿದ ಸಂಶೋಧಕರು 2008ರಲ್ಲಿ ಇದನ್ನೇ ತೋರಿಸಿದರು. ನಕಲುಗಳಲ್ಲಿ ಇರುವ ಹೆಚ್ಚುವರಿ ವಿವರ ದೋಷ ಸರಿಪಡಿಸುವವರಿಗೆ ನೆರವಾಗಬಲ್ಲದು.

ಮರುದಿನ ಬೆಳಿಗ್ಗೆ, ನೆನಪು ಹಸಿಯಿರುವಾಗಲೇ, ಒಬ್ಬ ಪರೀಕ್ಷಕಿ, ಒಬ್ಬ ಡೆವಲಪರ್ ಮತ್ತು ನಾನು ಜರಡಿ ಹಿಡಿಯಲು ಕುಳಿತೆವು. ಮೊದಲು ವಿಷಯವಾರು ವಿಂಗಡಿಸಿದೆವು. ಪ್ರಯಾಣಿಕರ ಹೆಸರಿನ ಗುಂಪಿನಲ್ಲಿ ಮೂರು ಸಾಲು ಉಳಿದವು. ಟಿಕೆಟ್‌ನಲ್ಲಿ ಹೆಸರಿನ ಕೊನೆಗೆ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಬಂದದ್ದು ಒಂದು. ‘ನನ್ನ ಪ್ರಯಾಣಗಳು’ ಪುಟದಲ್ಲಿ ಹೆಸರು ಅರ್ಧಕ್ಕೆ ನಿಂತು ಮೂರು ಚುಕ್ಕಿ ಬಂದದ್ದು ಇನ್ನೊಂದು. ಬುಕಿಂಗ್ ಆದರೂ ಎಸ್‌ಎಂಎಸ್ ಬಾರದೇ ಇದ್ದದ್ದು ಮೂರನೆಯದು. ಮೊದಲೆರಡು ಒಂದೇ, ಮೂರನೆಯದು ಬೇರೆ ಎಂದು ನೋಡಿದ ಕೂಡಲೇ ಅನಿಸಿತು.

ಡೆವಲಪರ್ ಮೊದಲನೆಯದನ್ನು ತಮ್ಮ ಫೋನಿನಲ್ಲಿ ಮಾಡಿ ನೋಡಿದರು. “ನನಗೆ ಸರಿಯಾಗೇ ಬರ್ತಿದೆಯಲ್ಲ ಮೇಡಂ.”

“ಯಾವ ಹೆಸರು ಹಾಕಿದ್ರಿ?”

“ಚಂದ್ರಶೇಖರಯ್ಯ. ಅದೂ ಉದ್ದ ಹೆಸರೇ.”

ಎರಡೂ ಹೆಸರಿನಲ್ಲಿ ಕಣ್ಣಿಗೆ ಕಾಣುವುದು ಆರಾರು ಅಕ್ಷರ. ಕಂಪ್ಯೂಟರ್ ಹಾಗೆ ಎಣಿಸುವುದಿಲ್ಲ. ಯೂನಿಕೋಡ್‌ನಲ್ಲಿ ವ್ಯಂಜನ, ವಿರಾಮ, ಸ್ವರಚಿಹ್ನೆ ಪ್ರತಿಯೊಂದೂ ಬೇರೆ ಸಂಕೇತ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಜಾಗ ಬೇಕು, ಇಂಗ್ಲಿಷ್ ಅಕ್ಷರಕ್ಕೆ ಒಂದೇ ಸಾಕು. ಪೈಥಾನ್‌ನಲ್ಲಿ ಎಣಿಸಿ ನೋಡಿದೆವು.

```
len("ಚಂದ್ರಶೇಖರಯ್ಯ".encode("utf-8"))     # 36
len("ಶ್ರೀನಿವಾಸಮೂರ್ತಿ".encode("utf-8"))   # 45
```

ಸರ್ವರ್‌ನಲ್ಲಿ ಹೆಸರಿಗೆ ಕೊಟ್ಟಿದ್ದ ಜಾಗ 40 ಬೈಟ್. ಚಂದ್ರಶೇಖರಯ್ಯ ಅದರಲ್ಲಿ ಹಿಡಿಯಿತು. ಶ್ರೀನಿವಾಸಮೂರ್ತಿಯ ಹದಿಮೂರು ಸಂಕೇತಗಳಿಗೆ 39 ಬೈಟ್ ಹೋಗಿ, ಹದಿನಾಲ್ಕನೆಯದಾದ ‘ತ’ದ ಮೂರು ಬೈಟ್‌ಗಳಲ್ಲಿ ಒಂದು ಮಾತ್ರ ಒಳಗೆ ಬಂದಿತ್ತು. ಆ ತುಂಡು ಬೈಟ್ ಓದಲಾಗದೆ ಟಿಕೆಟ್‌ನಲ್ಲಿ � ಬಿದ್ದಿತ್ತು. ಎಸ್‌ಎಂಎಸ್ ಸೇವೆ ತುಂಡಾದ ಪಠ್ಯವನ್ನು ಒಪ್ಪದೆ ಸಂದೇಶವನ್ನೇ ತಿರಸ್ಕರಿಸಿದ್ದು ಲಾಗ್‌ನಲ್ಲಿ ಕಂಡಿತು. ಅಂದರೆ ಬೇರೆ ಎಂದುಕೊಂಡ ಮೂರನೆಯ ಸಾಲು ಮೊದಲನೆಯದರ ಜೋಡಿ.

ಎರಡನೆಯದನ್ನು ತಿಳಿಯಲು ಒಂದು ಸಣ್ಣ ಪರೀಕ್ಷೆ ಸಾಕಾಯಿತು. ಇಂಗ್ಲಿಷಿನಲ್ಲಿ ಮೂವತ್ತು ಅಕ್ಷರದ ಹೆಸರು ಹಾಕಿದೆವು, ಅದಕ್ಕೆ ಮೂವತ್ತೇ ಬೈಟ್. ಟಿಕೆಟ್‌ನಲ್ಲಿ ಪೂರ್ತಿ ಬಂತು, ‘ನನ್ನ ಪ್ರಯಾಣಗಳು’ ಪುಟದಲ್ಲಿ ಮಾತ್ರ ಮತ್ತೆ ಮೂರು ಚುಕ್ಕಿ. ಅದು ಪರದೆಯ ಅಗಲದ ತೊಂದರೆ, ಹೆಸರು ಒಳಗೆ ಸುರಕ್ಷಿತವಾಗಿಯೇ ಇತ್ತು. ಒಂದೇ ಎಂದುಕೊಂಡದ್ದು ಬೇರೆಯಾಯಿತು.

ನಕಲು ಎಂದು ಮುಚ್ಚುವ ಮುನ್ನ ನಾವು ಕೇಳಿಕೊಳ್ಳುವುದು ಇದೊಂದೇ: ಒಂದನ್ನು ಸರಿಪಡಿಸಿದರೆ ಇನ್ನೊಂದೂ ಸರಿಹೋಗುತ್ತದೆಯೇ? ಹೌದಾದರೆ ನಕಲು. ಖಚಿತವಿಲ್ಲದಿದ್ದರೆ ಎರಡನ್ನೂ ತೆರೆದೇ ಇಟ್ಟು ‘ಸಂಬಂಧಿತ’ ಎಂದು ಕೊಂಡಿ ಹಾಕಿ ಮುಂದೆ ಹೋಗುತ್ತೇವೆ. ತಪ್ಪಾಗಿ ತೆರೆದಿಟ್ಟರೆ ಯಾರಿಗೋ ಹತ್ತು ನಿಮಿಷ ನಷ್ಟ. ತಪ್ಪಾಗಿ ಮುಚ್ಚಿದರೆ ಆ ದೋಷ ಪ್ರಯಾಣಿಕರ ಕೈಗೇ ತಲುಪುತ್ತದೆ.

ಮೂಲ ಎಂದು ಉಳಿಸಿಕೊಳ್ಳುವುದು ಮೊದಲು ಬರೆದ ವರದಿಯನ್ನಲ್ಲ, ಹಂತಗಳು ಸ್ಪಷ್ಟವಾಗಿರುವ ವರದಿಯನ್ನು. ನಕಲಿನಲ್ಲಿರುವ ಫೋನಿನ ಮಾದರಿ, ಚಿತ್ರ, ಹಂತಗಳನ್ನು ಮೂಲಕ್ಕೆ ಸಾಗಿಸಿದ ಮೇಲೆಯೇ ಅದನ್ನು ಮುಚ್ಚಬೇಕು. ಬಗ್‌ಜಿಲ್ಲಾದಲ್ಲಿ ಅದರ ಗುರುತು `RESOLVED DUPLICATE`. ಬರೆದವರಿಗೆ ಯಾವುದರ ನಕಲು ಎಂದು ಒಂದು ಸಾಲು ತಿಳಿಸುವುದನ್ನು ಮರೆಯಬಾರದು. ಏನೂ ಹೇಳದೆ ಮುಚ್ಚಿಸಿಕೊಂಡವರು ಮುಂದಿನ ಬೇಟೆಗೆ ಬಂದರೂ ಮನಸ್ಸಿಟ್ಟು ಬರೆಯುವುದಿಲ್ಲ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಂಜೆಯ ಹೊತ್ತಿಗೆ 63 ಸಾಲುಗಳು 38 ದೋಷಗಳಾದವು. ಮೂರು ದಿನದ ನಂತರ ಹೆಸರಿನ ಜಾಗ ಹಿಗ್ಗಿಸಿದ ಹೊಸ ಬಿಲ್ಡ್ ಬಂತು. ಪರೀಕ್ಷಕಿ ಮೂಲ ವರದಿಯ ಹಂತಗಳನ್ನು ಮಾಡಿ ನೋಡಿದರು, ಟಿಕೆಟ್‌ನಲ್ಲಿ ಶ್ರೀನಿವಾಸಮೂರ್ತಿ ಪೂರ್ತಿ ಬಂದರು. ಅಲ್ಲಿಗೇ ನಿಲ್ಲಿಸದೆ, ಮುಚ್ಚಿದ್ದ ಎಸ್‌ಎಂಎಸ್ ಸಾಲಿನ ಹಂತಗಳನ್ನೂ ಹಾಗೇ ಮಾಡಿದರು. ಐದು ನಿಮಿಷ ಕಾದರೂ ಸಂದೇಶ ಬರಲಿಲ್ಲ. ಸಂದೇಶ ಕಳುಹಿಸುವ ಕೋಡ್‌ನಲ್ಲಿ ಅದೇ 40ರ ಮಿತಿಯನ್ನು ಯಾರೋ ಇನ್ನೊಂದು ಸಲ ಬರೆದಿಟ್ಟಿದ್ದರು. ಪರೀಕ್ಷಕಿ ಆ ಸಾಲಿನ ನಕಲು ಗುರುತು ತೆಗೆದು, ಮತ್ತೆ ತೆರೆದು, ಕೆಳಗೆ ಹೊಸ ಬಿಲ್ಡ್ ಸಂಖ್ಯೆ ಬರೆದರು.